50 ಒಗೆತದ ಲೇಬಲ್, ನಾಲ್ಕು ತಿಂಗಳ ಲೆಕ್ಕ

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ವೆಲ್ಡಿಂಗ್ ಮಾಡುವ ಗೆಳೆಯರೊಬ್ಬರು ಕಳೆದ ತಿಂಗಳು ತಮ್ಮ ಕವರಾಲ್‌ನ ಕಾಲರ್ ತಿರುಗಿಸಿ ಲೇಬಲ್ ತೋರಿಸಿದರು. ಬೆಂಕಿ ತಡೆಯುವ ಹತ್ತಿ ಬಟ್ಟೆ, 50 ಒಗೆತದವರೆಗೆ ಗ್ಯಾರಂಟಿ ಅಂತ ಬರೆದಿತ್ತು. 'ಇದನ್ನ ಯಾರು ಒಗೀತಾರೆ?' ಅಂದೆ. 'ಇನ್ಯಾರು ಸರ್, ನಮ್ಮ ಮನೆಯವರೇ. ಬಾರ್ ಸೋಪು, ಬೋರ್ ನೀರು. ಜಾಸ್ತಿ ಕೊಳೆ ಇದ್ರೆ ಒಂಚೂರು ಬ್ಲೀಚಿಂಗ್ ಪೌಡರ್.'

ಈ ಒಂದೇ ಉತ್ತರದಲ್ಲಿ ಆ ಬಟ್ಟೆಯನ್ನು ಕೆಡಿಸುವ ಮೂರೂ ವಸ್ತುಗಳಿವೆ.

ಮೊದಲು ಸರಳ ಲೆಕ್ಕ. ಕಂಪನಿ ವರ್ಷಕ್ಕೆ ಎರಡು ಜೊತೆ ಕೊಡುತ್ತದೆ. ವಾರಕ್ಕೆ ಆರು ದಿನ ಕೆಲಸ, ದಿನಕ್ಕೊಂದು ಬದಲಿಸಿ ಹಾಕಿಕೊಂಡರೆ ಪ್ರತಿ ಜೊತೆಗೂ ವಾರಕ್ಕೆ ಮೂರು ಒಗೆತ. 50 ಒಗೆತ ಮುಗಿಯೋಕೆ ಹದಿನೇಳು ವಾರ, ಅಂದರೆ ಹೆಚ್ಚುಕಮ್ಮಿ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಲೇಬಲ್ಲಿನ ಮಾತೇ ಅನ್ವಯಿಸಲ್ಲ. ಆದರೆ ಸಮಸ್ಯೆ ನಾಲ್ಕನೇ ತಿಂಗಳಿಗಿಂತ ಎಷ್ಟೋ ಮುಂಚೆ ಶುರುವಾಗುತ್ತೆ. ಯಾಕೆಂದರೆ ಲೇಬಲ್ ಎಣಿಸಿದ ಒಗೆತ ಬೇರೆ, ಆ ಮನೆಯ ಒಗೆತ ಬೇರೆ.

ಹತ್ತಿಗೆ ಬೆಂಕಿ ತಾಗಿದಾಗ ಉರಿಯೋದು ನೂಲಲ್ಲ, ಬಿಸಿಗೆ ನೂಲು ಒಡೆದು ಹೊರಬರುವ ಆವಿ. ರಂಜಕ ಅಂದರೆ ಫಾಸ್ಫರಸ್ ಇರುವ ಸಂಯುಕ್ತವನ್ನು ನೂಲಿಗೆ ಸೇರಿಸಿದರೆ, ಬಿಸಿಯಾದಾಗ ಅದು ಆಮ್ಲವಾಗಿ ಬದಲಾಗಿ ಹತ್ತಿಯ ನೀರಿನಂಶವನ್ನು ಕಿತ್ತುಕೊಳ್ಳುತ್ತದೆ. ಉರಿಯುವ ಆವಿಯ ಬದಲು ಕರಿ ಇದ್ದಿಲಿನ ಪದರ ಉಳಿಯುತ್ತೆ, ಜ್ವಾಲೆ ಹಬ್ಬಲ್ಲ. ಅಗ್ಗದ ದಾರಿ ಅಂದರೆ ಬೋರಾಕ್ಸ್ ಅಥವಾ ಅಮೋನಿಯಂ ಫಾಸ್ಫೇಟ್ ದ್ರಾವಣದಲ್ಲಿ ಬಟ್ಟೆ ಅದ್ದಿ ಒಣಗಿಸೋದು. ಪಂಡಾಲಿನ ಪರದೆಗೆ ಅಷ್ಟು ಸಾಕು, ಒಂದು ಒಗೆತಕ್ಕೆ ಎಲ್ಲಾ ತೊಳೆದುಹೋಗುತ್ತೆ. ಕಾರ್ಮಿಕರ ಬಟ್ಟೆಗೆ ಬಳಸುವ ಪ್ರೋಬಾನ್ ಎಂಬ ವಿಧಾನ ಬೇರೆ ತರಹದ್ದು. ರಂಜಕದ ಸಂಯುಕ್ತವನ್ನು ನೂಲಿನ ಒಳಕ್ಕೆ ಹೀರಿಸಿ, ಅಮೋನಿಯಾ ಅನಿಲ ಹಾಯಿಸಿ ಅದನ್ನು ಕರಗದ ಪಾಲಿಮರ್ ಮಾಡುತ್ತಾರೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಗಟ್ಟಿ ಮಾಡುತ್ತಾರೆ. ಪಾಲಿಮರ್ ನೂಲಿನೊಳಗೆ ಸಿಕ್ಕಿಹಾಕಿಕೊಂಡು ಕೂರುತ್ತೆ. ಸರಿಯಾಗಿ ಮಾಡಿದ್ದರೆ 50 ಒಗೆತ ಸುಳ್ಳೇನಲ್ಲ.

ಹಾಗಾದರೆ ಕೆಡೋದು ಹೇಗೆ? ಬ್ಲೀಚ್‌ನ ವಿಷಯ ನೇರ. ಅದರ ಹೈಪೋಕ್ಲೋರೈಟ್ ಆ ಪಾಲಿಮರನ್ನೇ ಒಡೆಯುತ್ತೆ. ಹೋದದ್ದು ವಾಪಸ್ ಬರಲ್ಲ.

ಸೋಪು ಮತ್ತು ಗಡಸು ನೀರಿನ ಕತೆ ಇನ್ನೂ ವಿಚಿತ್ರ. ಇಲ್ಲಿ ರಕ್ಷಣೆ ಎಲ್ಲೂ ಹೋಗಿರಲ್ಲ, ಅದರ ಮೇಲೆ ಇಂಧನ ಬಂದು ಕೂತಿರುತ್ತೆ. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ, ಮೇಣದಂಥ ಗಸಿಯಾಗುತ್ತೆ. ಬಕೆಟ್ ಅಂಚಿನಲ್ಲಿ ಅಂಟುವ ಬೂದುಬಣ್ಣದ ಪದರ ಅದೇ. ಇಂಜಿನಿಯರಿಂಗ್ ಬಿಟ್ಟು ಬಂದರೂ ಲೆಕ್ಕ ಹಾಕೋ ಚಟ ಬಿಟ್ಟಿಲ್ಲ, ಕೂತು ಹಾಕಿದೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ 20 ಲೀಟರ್ ಬಕೆಟ್ ನೀರಲ್ಲಿ 8 ಗ್ರಾಂ ಸುಣ್ಣಕ್ಕೆ ಸಮನಾದ ಲವಣ ಇರುತ್ತೆ. ನೊರೆ ಏಳುವ ಮುನ್ನವೇ ಅದು ಸುಮಾರು 49 ಗ್ರಾಂ ಸೋಪನ್ನು ನುಂಗಿ ಹೆಚ್ಚುಕಮ್ಮಿ ಅಷ್ಟೇ ತೂಕದ ಗಸಿ ಮಾಡಬಲ್ಲದು. ಎಲ್ಲಾ ಬಟ್ಟೆಗೇ ಅಂಟಲ್ಲ, ನಿಜ. ಆದರೆ ಗಸಿ ಅಂದರೆ ಕೊಬ್ಬು. ಒಗೆತದಿಂದ ಒಗೆತಕ್ಕೆ ಪದರ ದಪ್ಪವಾಗುತ್ತಾ ಹೋದರೆ, ಕಿಡಿ ಬಿದ್ದಾಗ ಮೊದಲು ಉರಿಯೋದು ಅದೇ. ಅಂದಹಾಗೆ 400 ಅತಿಯಾದ ಅಂಕಿಯಲ್ಲ. ನಮ್ಮ ಕುಡಿಯುವ ನೀರಿನ ಮಾನದಂಡವೇ ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತೆ.

ಸೋಪು ಬಿಟ್ಟು ಪೌಡರ್ ಹಾಕಿದರೆ? ಅಗ್ಗದ ಪೌಡರ್‌ಗಳಲ್ಲಿ ವಾಷಿಂಗ್ ಸೋಡಾ ಧಾರಾಳ. ಅದು ಗಡಸು ನೀರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ನೂಲಿಗೆ ಅಂಟುತ್ತೆ. ಇದು ಉರಿಯಲ್ಲ, ಆದರೆ ಬಿಸಿಯಲ್ಲಿ ರಂಜಕ ಮಾಡಬೇಕಾದ ಆಮ್ಲದ ಕೆಲಸಕ್ಕೆ ಅಡ್ಡ ಬರುತ್ತೆ. ಅಮೆರಿಕ ಈ ಪಾಠವನ್ನು ಮಕ್ಕಳ ರಾತ್ರಿ ಉಡುಪಿನಲ್ಲಿ ಕಲಿತಿತ್ತು. 1971ರಲ್ಲಿ ಅಲ್ಲಿ ಬಂದ ನಿಯಮದ ಪ್ರಕಾರ ಆ ಬಟ್ಟೆ 50 ಒಗೆತದ ನಂತರವೂ ಬೆಂಕಿ ಪರೀಕ್ಷೆ ಪಾಸಾಗಬೇಕಿತ್ತು. ಅದೇ ಹೊತ್ತಿಗೆ ಕೆರೆಗಳಲ್ಲಿ ಪಾಚಿ ಬೆಳೆಯುತ್ತೆ ಅಂತ ಕೆಲವು ಕಡೆ ಫಾಸ್ಫೇಟ್ ಇರುವ ಡಿಟರ್ಜೆಂಟ್ ನಿಷೇಧವಾಯಿತು, ಜನ ಕಾರ್ಬೊನೇಟ್ ಪೌಡರ್‌ಗೆ ಹೋದರು, ಗಡಸು ನೀರಿನ ಊರುಗಳಲ್ಲಿ ಹತ್ತಿಯ ಉಡುಪಿನ ರಕ್ಷಣೆ ಕುಸಿಯಿತು. ಎರಡು ಒಳ್ಳೆಯ ಕಾನೂನುಗಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಡಿಕ್ಕಿ ಹೊಡೆದವು.

ನಮ್ಮಲ್ಲಿ ಈಗ ಕಾನೂನು ಬಂದಿದೆ, ಒಗೆಯುವ ಕಲ್ಲಿನವರೆಗೆ ಬಂದಿಲ್ಲ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಜವಳಿ ಸಚಿವಾಲಯ 12 ಬಗೆಯ ರಕ್ಷಣಾ ಜವಳಿಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಪ್ರಕಟಿಸಿತು. ಅಗ್ನಿಶಾಮಕ ಸಿಬ್ಬಂದಿಯ ಉಡುಪು, ಬಿಸಿಯಲ್ಲಿ ಕೆಲಸ ಮಾಡುವ ಕಾರ್ಮಿಕರ ಉಡುಪು ಅದರಲ್ಲಿವೆ. ಒಳ್ಳೆಯ ಹೆಜ್ಜೆಯೇ. ಆದರೆ ಈ ಆದೇಶ ತಯಾರಕರು, ಆಮದುದಾರರು, ಮಾರುವವರ ಮೇಲೆ ನಿಲ್ಲುತ್ತದೆ. ಬಟ್ಟೆ ಕಾರ್ಮಿಕನ ಕೈಗೆ ಬಂದ ದಿನ ಅದರ ಕೆಲಸ ಮುಗೀತು. ಪರೀಕ್ಷೆಯ ಒಗೆತವೂ ಲ್ಯಾಬಿನದು: ಮೆದು ನೀರು, ಅಳೆದ ಡಿಟರ್ಜೆಂಟ್. ISO 11612 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ತಯಾರಕ ಒಗೆತದ ಸಂಖ್ಯೆ ಹೇಳದಿದ್ದರೆ ಐದೇ ಒಗೆತದ ನಂತರ ಬೆಂಕಿ ಪರೀಕ್ಷೆ ನಡೆಯುತ್ತೆ. ಜ್ವಾಲೆ ಹತ್ತು ಸೆಕೆಂಡ್ ಹಿಡಿದು ತೆಗೆದ ಮೇಲೆ ಎರಡು ಸೆಕೆಂಡಿಗಿಂತ ಹೆಚ್ಚು ಉರಿಯಬಾರದು. ನಮ್ಮ ಗೆಳೆಯರ ಲೆಕ್ಕದಲ್ಲಿ ಐದು ಒಗೆತ ಅಂದರೆ ಎರಡು ವಾರ ಕೂಡ ಅಲ್ಲ.

ಸೂಕ್ಷ್ಮಜೀವಿ ತಡೆಯುವ ಸಾಕ್ಸ್, ಬಿಸಿಲು ತಡೆಯುವ ಶರ್ಟಿಗೂ ಒಗೆತದ ಪ್ರಶ್ನೆ ಇದ್ದೇ ಇದೆ. 2008ರಲ್ಲಿ ಅರಿಜೋನಾದ ಸಂಶೋಧಕರು ನ್ಯಾನೊ ಬೆಳ್ಳಿಯ ಸಾಕ್ಸ್‌ಗಳನ್ನು ನೀರಲ್ಲಿ ತೊಳೆದು ನೋಡಿದಾಗ ಕೆಲವು ನಾಲ್ಕೇ ತೊಳೆತಕ್ಕೆ ಹೆಚ್ಚುಕಮ್ಮಿ ಎಲ್ಲಾ ಬೆಳ್ಳಿ ಕಳೆದುಕೊಂಡವು, ಕೆಲವು ಏನೂ ಬಿಡಲಿಲ್ಲ. ಹತ್ತಿ ಶರ್ಟ್ ಅಂತೂ ಮೊದಲ ಕೆಲವು ಒಗೆತಗಳಲ್ಲಿ ಕುಗ್ಗಿ, ನೇಯ್ಗೆ ಬಿಗಿಯಾಗಿ ಬಿಸಿಲನ್ನು ಮೊದಲಿಗಿಂತ ಚೆನ್ನಾಗೇ ತಡೆಯಬಹುದು. ಅಲ್ಲಿ ಮೋಸಹೋದರೆ ದುಡ್ಡು ಹೋಗುತ್ತೆ, ಕಾಲು ವಾಸನೆ ಬರುತ್ತೆ. ಇಲ್ಲಿ ಮೋಸಹೋದದ್ದು ಗೊತ್ತಾಗೋದು ಕಿಡಿ ಬಿದ್ದ ದಿನ. ಅದಕ್ಕೇ ನನಗೆ ಮೂರರಲ್ಲಿ ಇದೇ ರಾಜಕೀಯ ಪ್ರಶ್ನೆ.

ಕಣ್ಣಿಗೆ ಏನಾದರೂ ಕಾಣುತ್ತಾ? ಸ್ವಲ್ಪ. ಬಟ್ಟೆ ಬಿರುಸಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ, ನೀರಿನ ಹನಿ ಹೀರದೆ ಮೇಲೇ ನಿಂತರೆ, ಗಸಿ ಕೂತಿರಬಹುದು. ವಿನೆಗರ್ ಹನಿಸಿದಾಗ ಗುಳ್ಳೆ ಎದ್ದರೆ ಅದು ಕಾರ್ಬೊನೇಟ್. ಇವೆರಡನ್ನೂ ತೆಗೆಯಬಹುದು. ದೊಡ್ಡ ಲಾಂಡ್ರಿಗಳು ಕೊನೆಯ ನೀರಿಗೆ ಸೌಮ್ಯ ಆಮ್ಲ ಹಾಕೋದು ಇದಕ್ಕೇ, ಮನೆಯಲ್ಲಿ ಜಾಲಿಸುವಾಗ ಸ್ವಲ್ಪ ವಿನೆಗರ್ ಹಾಕಬಹುದು. ಆದರೆ ಬ್ಲೀಚ್ ಇರುವ ನೀರಿಗೆ ಮಾತ್ರ ಯಾವತ್ತೂ ಬೇಡ, ಕ್ಲೋರಿನ್ ಅನಿಲ ಏಳುತ್ತೆ. ಬ್ಲೀಚ್‌ನಿಂದ ಸತ್ತ ಪಾಲಿಮರ್ ಯಾವ ಹನಿಗೂ ಸಿಕ್ಕಿಬೀಳಲ್ಲ. ಅದನ್ನು ಹೇಳೋದು ಲ್ಯಾಬ್ ಒಂದೇ, ಅದೂ ಬಟ್ಟೆ ಕತ್ತರಿಸಿ ಸುಟ್ಟು.

ಅರಾಮಿಡ್‌ನಂಥ ನೂಲಿಗೆ ಹೋದರೆ ತಡೆಯುವ ಗುಣ ಹುಟ್ಟಿನಿಂದಲೇ ಇರುತ್ತೆ, ತೊಳೆದುಹೋಗಲ್ಲ. ಆದರೆ ದುಬಾರಿ. ಮೇಲೆ ಕೂತ ಗಸಿ ಅದರ ಮೇಲೂ ಉರಿಯುತ್ತೆ. ಅಂದರೆ ಎಲ್ಲಿಂದ ಹೋದರೂ ಒಗೆತದ ಹತ್ತಿರವೇ ಬಂದು ನಿಲ್ತೀವಿ. ಮಾಲೀಕರೇ ಒಗೆಸಲಿ, ಒಗೆತ ಎಣಿಸಲಿ, ಮೂರು ತಿಂಗಳಿಗೊಮ್ಮೆ ಬಳಸಿದ ಬಟ್ಟೆಯಲ್ಲೊಂದನ್ನು ಲ್ಯಾಬಿಗೆ ಕಳಿಸಲಿ ಅಂತ ನನ್ನ ವಾದ. ಟೆಂಡರಿನಲ್ಲಿ ಎರಡು ಸಾಲು ಸೇರಿಸುವಷ್ಟು ಕೆಲಸ. ಒಗೆಯುವ ಹೆಂಗಸಿಗೆ ಕೂಲಿಯೂ ಇಲ್ಲ, ಸೂಚನೆಯೂ ಇಲ್ಲ, ಹೊಣೆ ಮಾತ್ರ ಇದೆ. ಲೇಬಲ್ ಮೇಲಿನ 'ಬ್ಲೀಚ್ ಬೇಡ' ಚಿಹ್ನೆಯನ್ನು ಗೆಳೆಯರ ಮನೆಯವರಿಗೆ ಯಾರೂ ವಿವರಿಸಿರಲಿಲ್ಲ. ಅಡ್ಡಗೆರೆ ಎಳೆದ ಖಾಲಿ ತ್ರಿಕೋನ ಅದು.

ಗೆಳೆಯರು ಸೂಪರ್‌ವೈಸರ್ ಹತ್ತಿರ ಕೇಳಿದ್ದಾರೆ, ಹಳೆಯ ಒಂದು ಜೊತೆಯನ್ನಾದರೂ ಪರೀಕ್ಷೆಗೆ ಕಳಿಸಿ ಅಂತ. ಬಂದ ಉತ್ತರ: 'ಹೊಸದಕ್ಕೆ ಸರ್ಟಿಫಿಕೇಟ್ ಇದೆಯಲ್ಲಪ್ಪ.'