ಊಟ ಆಯ್ತಾ, ಮಗಾ?

ಮಕ್ಕಳೇ, ನಮ್ಮ ಪಕ್ಕದ ಮನೆಯ ಹುಡುಗ ಕುವೈತ್‌ನಲ್ಲಿ ಎಲೆಕ್ಟ್ರಿಷಿಯನ್. ದಿನಾ ರಾತ್ರಿ ಅವನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ “ಊಟ ಆಯ್ತಾ, ಮಗಾ?” ಎಂದು ಕೇಳುತ್ತಿದ್ದರು. ಒಂದು ರಾತ್ರಿ ಅವನ ನಂಬರಿನಿಂದಲೇ “ನೀವು ಯಾರು?” ಎಂದು ಉತ್ತರ ಬಂತು. ಗಾಬರಿಯಾಗಿ ನಮ್ಮ ಮನೆಗೆ ಓಡಿಬಂದರು.

ಆದದ್ದಿಷ್ಟು. ಅವನು ಅಲ್ಲಿನ ಸಿಮ್ ಕೊಂಡಿದ್ದರೂ ವಾಟ್ಸ್‌ಆ್ಯಪ್ ಊರಿನ ನಂಬರಿನಲ್ಲೇ ಇತ್ತು. ಆ ನಂಬರಿಗೆ ರೀಚಾರ್ಜ್ ಮಾಡಿಸಿ ವರ್ಷವಾಗಿತ್ತು. ಬ್ಯಾಂಕ್ ಖಾತೆ ಎರಡು ವರ್ಷ ಮುಟ್ಟದೆ ನಿಷ್ಕ್ರಿಯವಾದರೂ ಹಣ ನಮ್ಮದೇ. ನಂಬರು ಹಾಗಲ್ಲ. 90 ದಿನ ಬಳಸದಿದ್ದರೆ ಬಂದ್ ಆಗಬಹುದು. ಮತ್ತೆ 90 ದಿನ ಕಳೆದರೆ ಬೇರೆಯವರ ಪಾಲಾಗಬಹುದು. ಹೊಸಬರು ಅದರಲ್ಲಿ ವಾಟ್ಸ್‌ಆ್ಯಪ್ ತೆರೆದರು, ಹುಡುಗನದು ಮುಚ್ಚಿತು. ಮರಳಿ ತೆರೆಯಲು ಬೇಕಾದ 6 ಅಂಕಿಯ ಸಂಖ್ಯೆಯೂ ಅವರ ಫೋನಿಗೇ ಹೋಗುತ್ತದೆ!

ಊರಿನ ನಂಬರು ನಡೆಯುತ್ತಿದ್ದಾಗಲೇ ಸೆಟ್ಟಿಂಗ್ಸ್‌ಗೆ ಹೋಗಿ ವಾಟ್ಸ್‌ಆ್ಯಪ್ ನಂಬರು ಬದಲಿಸಿದ್ದರೆ ಗುಂಪೂ ಮಾತೂ ಉಳಿಯುತ್ತಿದ್ದವು.

ಅವನ ತಂಗಿ ಮೊದಲು ಕರೆ ಮಾಡಿ ಅಣ್ಣನ ದನಿ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಹಳೆ ನಂಬರು ತೆಗೆದು, ಕುವೈತ್ ನಂಬರು ಸೇರಿಸಿದಳು. ತೀರಿಹೋದ ಅಜ್ಜ ಅದೇ ಗುಂಪಿನಲ್ಲಿ ಕಳಿಸಿದ್ದ ಧ್ವನಿ ಸಂದೇಶ ಅವಳ ಫೋನಿನಲ್ಲಿತ್ತು. ಹೊಸ ನಂಬರಿಗೆ ಅವಳು ಮೊದಲು ಕಳಿಸಿದ್ದು ಅದನ್ನೇ.