ಪ್ಯಾಕೆಟ್ ದೋಸೆ ಹಿಟ್ಟು ಕೊಳ್ಳುವವರು ಸೋಮಾರಿಗಳೇ?

“ಈಗಿನವರಿಗೆ ರುಬ್ಬೋಕೂ ಸೋಮಾರಿತನ” ಎಂಬ ಮೆಸೇಜ್ ನಿಮಗೂ ಬಂದಿರಬಹುದು. ನಿಜವೇ? ‘ಯಾಕೆ ಕೊಳ್ತೀರಿ?’ ಎಂದು ಹಾಸನದಲ್ಲಿ ಕೇಳಿ, ಅರಕಲಗೂಡಿನಲ್ಲಿ ಕೇಳಿ, “ಟೈಮ್ ಇಲ್ಲ” ಅನ್ನುವುದು ಸುಲಭ. ಆದರೆ ಅಷ್ಟೇ ಟೈಮ್ ಇಲ್ಲದ ಪಕ್ಕದ ಮನೆಯವರು ಈಗಲೂ ರುಬ್ಬುತ್ತಾರಲ್ಲ!

‘ಜಾಬ್ಸ್ ಟು ಬಿ ಡನ್’ ಸಂದರ್ಶನದಲ್ಲಿ ಅಭಿಪ್ರಾಯ ಕೇಳುವುದಿಲ್ಲ, ಕೊಂಡ ದಿನದ ಕತೆ ಕೇಳುತ್ತಾರೆ. ಆ ಪ್ಯಾಕೆಟ್‌ಗೆ ಮನೆಯವರು ಯಾವ ಕೆಲಸ ವಹಿಸಿದ್ದರು ಎಂಬುದು ಅಲ್ಲಿ ಸಿಗುತ್ತದೆ.

ಹೊಳೆನರಸೀಪುರದಿಂದ ಹಾಸನಕ್ಕೆ ಬೆಳಗಿನ ಬಸ್ಸು ಹಿಡಿಯುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ.

“ಮೊದಲ ಪ್ಯಾಕೆಟ್ ತಂದಿದ್ದು ಯಾವಾಗ?”

“ಡಿಸೆಂಬರಲ್ಲಿ. ಚಳಿಗೆ ಹಿಟ್ಟು ಉಬ್ಬಲಿಲ್ಲ, ಮಕ್ಕಳ ಡಬ್ಬಿಗೆ ಏನೂ ಇರಲಿಲ್ಲ.”

“ತರುವಾಗ ಅಳುಕಿತ್ತಾ?”

“ಸೋಡಾ ಹಾಕಿರ್ತಾರೇನೋ ಅಂತ. ಅತ್ತೆ ಏನಂತಾರೋ ಅಂತಾನೂ.”

“ಬೇಸಿಗೇಲಿ?”

“ಮನೇಲೇ ರುಬ್ತೀನಿ.”

ಚಳಿಯಲ್ಲಿ ಹಿಟ್ಟು ಹುದುಗಿಸುವ ಸೂಕ್ಷ್ಮಜೀವಿಗಳು ನಿಧಾನವಾಗುತ್ತವೆ. ಹಾಗಾಗಿ ಇವರು ಕೊಂಡಿದ್ದು ಬೆಳಿಗ್ಗೆ ಕೈಕೊಡದ ಹಿಟ್ಟನ್ನು. ರುಬ್ಬುವ ಶ್ರಮ ಇಲ್ಲಿ ಕಾರಣವೇ ಅಲ್ಲ.

ಕೊಂಡು ತುಂಬಾ ದಿನವಾದವರನ್ನು ಕೇಳಿದರೆ ಮತ್ತೆ “ಟೈಮ್ ಇಲ್ಲ” ಎಂಬ ಉತ್ತರವೇ ಬರಬಹುದು, ವಿವರ ಮರೆತಿರುತ್ತದೆ. ಇನ್ನೊಂದು ಮಾತು: ಹತ್ತು ಹನ್ನೆರಡು ಮನೆಗಳ ಕತೆಯಿಂದ ಕಾರಣ ತಿಳಿಯಬಹುದೇ ಹೊರತು, ಚನ್ನರಾಯಪಟ್ಟಣದಲ್ಲಿ ಶೇಕಡಾ ಎಷ್ಟು ಮನೆಗಳಿಗೆ ಅದೇ ಕಾರಣ ಎಂದು ಹೇಳಲಾಗದು.