ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಮಗಳಿಗೆ ಪಾಲಿಲ್ಲವೇ?

ಹಿರಿಯರ ಜಮೀನಿನ ಭಾಗದ ಮಾತು ಬಂದಾಗ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: “ನಿನ್ನ ಮದುವೆ ಹಿಂದೆಯೇ ಆಗಿದೆ, ಕಾನೂನು ಬರುವ ಮೊದಲೇ ಅಪ್ಪ ಹೋಗಿದ್ದಾರೆ, ಪಹಣಿ ನಮ್ಮ ಹೆಸರಿಗಾಗಿದೆ. ಇನ್ನೆಲ್ಲಿಯ ಪಾಲು?” ಈ ಮೂರು ಕಾರಣಗಳಲ್ಲಿ ಒಂದೂ ಇಂದಿನ ಕಾನೂನಿನಲ್ಲಿ ತಾನಾಗಿಯೇ ನಿಲ್ಲುವುದಿಲ್ಲ. ಏಕೆಂದು ಒಂದು ಲೆಕ್ಕದ ಮೂಲಕ ನೋಡೋಣ.

ಹಾಸನದ ಕಟ್ಟಾಯದ ಕಡೆ ಒಂದು ಕೂಡುಕುಟುಂಬ ಇದೆ ಎಂದಿಟ್ಟುಕೊಳ್ಳಿ. ಪಿತ್ರಾರ್ಜಿತ ಜಮೀನು 9 ಎಕರೆ. ತಾಯಿ ಮೊದಲೇ ತೀರಿಕೊಂಡಿದ್ದಾರೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳ ಮದುವೆ 1990ರಲ್ಲಿ ಆಯಿತು. ಅಪ್ಪ ಉಯಿಲು ಬರೆಯದೆ 1998ರಲ್ಲಿ ತೀರಿಕೊಂಡರು. ಜಮೀನು ಭಾಗವಾಗಿಲ್ಲ.

ಹಳೆಯ ಲೆಕ್ಕ, ಹೊಸ ಲೆಕ್ಕ

ಹುಟ್ಟಿನಿಂದಲೇ ಕುಟುಂಬದ ಆಸ್ತಿಯಲ್ಲಿ ಹಕ್ಕು ಪಡೆಯುವವರನ್ನು ಸಹದಾಯಾದಿಗಳು ಎನ್ನುತ್ತಾರೆ. ಕೋರ್ಟಿನಲ್ಲಿ ಕೇಳುವ ‘ಕೋಪಾರ್ಸನರ್’ ಎಂಬ ಪದದ ಅರ್ಥ ಇದೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳು ಸಹದಾಯಾದಿ ಆಗಿರಲಿಲ್ಲ. ಕರ್ನಾಟಕ 1994ರ ಜುಲೈ 30ರಿಂದ ತನ್ನದೇ ತಿದ್ದುಪಡಿಯ ಮೂಲಕ ಆ ಸ್ಥಾನ ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ನಮ್ಮ ಉದಾಹರಣೆಯ ಮಗಳು ಹೀಗೆ ಹೊರಗುಳಿದವಳು.

ಆಗಿನ ಲೆಕ್ಕದಲ್ಲಿ ಅಪ್ಪ ಸಾಯುವ ಮುಂಚಿನ ಕ್ಷಣದಲ್ಲಿ ಭಾಗವಾಯಿತೆಂದು ಭಾವಿಸಲಾಗುತ್ತಿತ್ತು. ಅಪ್ಪನಿಗೆ 3 ಎಕರೆ, ಗಂಡುಮಕ್ಕಳಿಗೆ ತಲಾ 3 ಎಕರೆ. ಅಪ್ಪನ 3 ಎಕರೆ ಮಾತ್ರ ಮೂವರು ಮಕ್ಕಳಿಗೂ ಒಂದೊಂದರಂತೆ ಹಂಚಿಕೆ. ಕೊನೆಗೆ ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ, ಮಗಳಿಗೆ ಒಂದೇ ಎಕರೆ.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮಗಳನ್ನೂ ಮಗನಂತೆಯೇ ಸಹದಾಯಾದಿ ಮಾಡಿತು. ಮದುವೆಯ ಷರತ್ತು ಹೋಯಿತು. ಈಗ ಮೊದಲ ಭಾಗವೇ ನಾಲ್ಕು ಸಮಪಾಲು. ಅಪ್ಪನ ಕಾಲುಭಾಗ ಮತ್ತೆ ಮೂವರಿಗೆ ಸಮನಾಗಿ ಹೋಗುತ್ತದೆ. ಕೊನೆಗೆ ಮೂವರಿಗೂ ಮೂರು ಮೂರು ಎಕರೆ.

ಆದರೆ ಅಪ್ಪ ಹೋದದ್ದು 1998ರಲ್ಲಿ ಅಲ್ಲವೇ?

ಈ ಪ್ರಶ್ನೆ ಕರ್ನಾಟಕದ ಮೊಕದ್ದಮೆಗಳಿಂದಲೇ ಸುಪ್ರೀಂ ಕೋರ್ಟ್ ತಲುಪಿತು. 2015ರಲ್ಲಿ ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣದಲ್ಲಿ, 2005ರ ಆ ದಿನ ಅಪ್ಪ, ಮಗಳು ಇಬ್ಬರೂ ಬದುಕಿರಬೇಕು ಎಂದು ಕೋರ್ಟ್ ಹೇಳಿತು. 2018ರಲ್ಲಿ ದಾನಮ್ಮ ವಿರುದ್ಧ ಅಮರ್ ಪ್ರಕರಣದಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ತಲಾ ಐದನೇ ಒಂದು ಪಾಲು ಕೊಟ್ಟಿತು. ಎರಡೂ ತೀರ್ಪುಗಳು ಒಂದಕ್ಕೊಂದು ಹೊಂದಲಿಲ್ಲ.

2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು. ಹಕ್ಕು ಬರುವುದು ಹುಟ್ಟಿನಿಂದ, ಅಪ್ಪನ ಸಾವಿನಿಂದಲ್ಲ. ಹಾಗಾಗಿ ಅಪ್ಪ 2005ರಲ್ಲಿ ಬದುಕಿರಬೇಕಾಗಿಲ್ಲ. ಸಾವಿನ ಹೊತ್ತಿಗೆ ಭಾಗವಾಯಿತೆಂದು ಭಾವಿಸಿದ್ದು ಪಾಲು ಎಣಿಸುವುದಕ್ಕೆ ಮಾತ್ರ, ಅದು ನಿಜವಾದ ಭಾಗವಲ್ಲ. ಹಾಗಾಗಿ ನಮ್ಮ ಉದಾಹರಣೆಯ ಮಗಳಿಗೆ ಮೂರು ಎಕರೆ.

ಅಣ್ಣಂದಿರ ಕಾಗದಗಳು

ಅಪ್ಪನ ನಂತರ ಪೌತಿ ಖಾತೆಯಾಗಿ ಪಹಣಿಯಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಬಂದಿರಬಹುದು. ಪಹಣಿ ಕಂದಾಯದ ದಾಖಲೆ. ಅಷ್ಟರಿಂದಲೇ ಯಾರ ಹಕ್ಕೂ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ.

ನಿಜವಾಗಿ ತಡೆಯುವುದು 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಭಾಗ ಅಥವಾ ಮಾರಾಟ. ಆ ದಿನಕ್ಕೆ ಮೊದಲು ಕ್ರಮಬದ್ಧವಾಗಿ ಮಾರಿದ ಜಮೀನನ್ನು ಈ ತಿದ್ದುಪಡಿಯ ಬಲದಿಂದ ವಾಪಸ್ ಕೇಳಲಾಗದು. ಭಾಗವಾಗಿದ್ದರೆ ನೋಂದಾಯಿತ ವಿಭಾಗಪತ್ರ ಅಥವಾ ಕೋರ್ಟಿನ ಡಿಕ್ರಿ ಇರಬೇಕು. “ಪಂಚರ ಮುಂದೆ ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡೆವು” ಎಂಬ ವಾದವನ್ನು ಕೋರ್ಟ್ ಸುಲಭವಾಗಿ ಒಪ್ಪುವುದಿಲ್ಲ. ಸಾರ್ವಜನಿಕ ದಾಖಲೆಗಳು ಅದನ್ನು ಗಟ್ಟಿಯಾಗಿ ಸಾಬೀತು ಮಾಡುವ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಒಪ್ಪಬಹುದು. ಮಗಳೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರೆ ಕಥೆ ಬೇರೆ. ಮೋಸ ಅಥವಾ ಒತ್ತಡದಿಂದ ಸಹಿ ಪಡೆದರೆಂದು ಆಗ ಅವಳೇ ತೋರಿಸಬೇಕಾಗುತ್ತದೆ.

ಈ ಲೆಕ್ಕ ಪಿತ್ರಾರ್ಜಿತಕ್ಕೆ ಮಾತ್ರ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಉಯಿಲು ಇಲ್ಲದಿದ್ದರೆ ಅದರಲ್ಲೂ ಮಗಳದು ಸಮಪಾಲು.

ಹಕ್ಕು ಇದೆಯೆಂದು ಸುಮ್ಮನೆ ಕೂರುವಂತೆಯೂ ಇಲ್ಲ. ಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟಿದ್ದಾರೆಂದು ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು. ಆದ್ದರಿಂದ ಮೊದಲು ಹುಡುಕಬೇಕಾದದ್ದು ಎರಡು: ಉಪನೋಂದಣಿ ಕಚೇರಿಯಲ್ಲಿ 2004ಕ್ಕೆ ಮೊದಲಿನ ವಿಭಾಗಪತ್ರ ಅಥವಾ ಕ್ರಯಪತ್ರ ಇದೆಯೇ, ತನ್ನ ಸಹಿಯಿರುವ ಬಿಡುಗಡೆ ಪತ್ರ ಇದೆಯೇ ಎಂಬುದು.